‘ಆಮ್ಹಿ’ ಅಂದವರು ‘ಆಪಣ’ ಅನ್ನುವ ತನಕ

ಮರಾಠಿಯಲ್ಲಿ ‘ನಾವು’ ಅನ್ನೋದಕ್ಕೆ ಎರಡು ಮಾತಿವೆ. ಒಂದು ‘ಆಮ್ಹಿ’, ಇನ್ನೊಂದು ‘ಆಪಣ’. ‘ಆಮ್ಹಿ’ ಅಂದರೆ ನಾವು, ಆದರೆ ಎದುರಿಗೆ ನಿಂತ ನೀನು ಅದರಲ್ಲಿ ಇಲ್ಲ. ‘ಆಪಣ’ ಅಂದರೆ ನೀನೂ ಸೇರಿದ ನಾವು. ‘ಆಮ್ಹಿ ಚಹಾಲಾ ಜಾತೋ’ ಅಂದರೆ ನಾವು ಚಹಾಕ್ಕೆ ಹೊಂಟೇವಿ ಅಂತ, ನಿನ್ನ ಬಿಟ್ಟು. ‘ಆಪಣ ಚಹಾಲಾ ಜಾಊ’ ಅಂದರೆ ನಡಿ, ಕೂಡಿ ಹೋಗೋಣು ಅಂತ. ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಹಂಗಾಗಿ ಒಂದು ಹೊಸ ಗುಂಪಿನಲ್ಲಿ ನಾವು ಒಳಗಿದ್ದೀವೋ ಹೊರಗಿದ್ದೀವೋ ಅನ್ನೋದು ಕನ್ನಡದ ಮಾತಿನಿಂದ ಲಗೂನ ಗೊತ್ತಾಗುವುದಿಲ್ಲ. ಮರಾಠಿ ಮಾತಾಡುವ ಗೆಳೆಯರಿದ್ದರೆ ಒಂದು ಶಬ್ದದಲ್ಲೇ ಗೊತ್ತಾಗುತ್ತದೆ.

ಪತ್ರಿಕೋದ್ಯಮ ಓದಲು ಒಂದೇ ಕ್ಲಾಸಿಗೆ ಬಂದು ಕೂತಾಗ ಈ ಎರಡು ಶಬ್ದಗಳ ನಡುವಿನ ದಾರಿ ಸವೆಸಲು ನಮಗೆ ಹತ್ತಿರ ಹತ್ತಿರ ಆರು ವಾರ ಹಿಡಿಯಿತು. ನಮ್ಮ ಐದು ಜನರ ಊರು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ. ನಿಪ್ಪಾಣಿಯವಳು ಮತ್ತು ಕಾಗವಾಡದವ ಹತ್ತನೆಯ ತನಕ ಮರಾಠಿ ಮಾಧ್ಯಮದಲ್ಲಿ ಓದಿದವರು. ಉಳಿದ ಮೂವರು ಕನ್ನಡ ಶಾಲೆಯವರು. ಈ ವರ್ಷ ನಿಮ್ಮ ಮನೆಯಿಂದಲೂ ಯಾರಾದರೂ ಪಿಯುಸಿಗೋ ಡಿಗ್ರಿಗೋ ಹೊಸ ಕಾಲೇಜಿಗೆ ಹೊಂಟಿರಬಹುದು. ಅವರಿಗಾಗಿ ಆ ಆರು ವಾರದ ಲೆಕ್ಕ ಬರೆಯುತ್ತಿದ್ದೇವೆ.

ನಮ್ಮ ಕಡೆ ಕ್ಲಾಸು ಹಿಂಗೆ ಕಲಸಿರುವುದಕ್ಕೆ ಕಾರಣ ನಿಮಗೆಲ್ಲ ಗೊತ್ತೇ ಇದೆ. 1956ರ ತನಕ ಈ ಊರುಗಳೆಲ್ಲ ಮುಂಬಯಿ ರಾಜ್ಯದಲ್ಲಿದ್ದವು. ಅದಕ್ಕೂ ಮೊದಲು ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಗಡಿ ಗೆರೆ ಎಳೆದ ಮೇಲೂ ಸಂತೆ, ಬೀಗತನ, ಕಬ್ಬು, ತಂಬಾಕು ಯಾವುದೂ ಗೆರೆ ನೋಡಿ ನಿಲ್ಲಲಿಲ್ಲ. ಕಾಗವಾಡದವರಿಗೆ ದವಾಖಾನೆ ಅಂದರೆ ಇವತ್ತಿಗೂ ಮಿರಜ ನೆನಪಾಗುತ್ತದೆ. ಹಂಗಂತ ಒಂದೇ ಸಂತೆಯಲ್ಲಿ ತಿರುಗಾಡಿದವರು ಒಂದೇ ಕ್ಲಾಸಿನಲ್ಲಿ ಕೂತ ಕೂಡಲೇ ದೋಸ್ತರಾಗುವುದಿಲ್ಲ. ಸಂತೆಯಲ್ಲಿ ಬೇಕಾಗುವುದು ಹತ್ತು ಮಾತು. ಕ್ಲಾಸಿನಲ್ಲಿ ಚರ್ಚೆ ಬೇಕು, ಚಾಷ್ಟಿ ಬೇಕು, ಸಿಟ್ಟು ಬಂದರೆ ಅದನ್ನು ಹೇಳುವ ಮಾತೂ ಬೇಕು.

ಮೊದಲ ವಾರ ಎಲ್ಲರೂ ಬಸ್ ತಂದು ಇಳಿಸಿದ ಹಂಗೇ ಕೂತರು. ನಿಪ್ಪಾಣಿ ಬಸ್ಸಿನಲ್ಲಿ ಬಂದವರು ಒಂದು ಬೆಂಚು, ರಾಯಬಾಗ ಬಸ್ಸಿನವರು ಇನ್ನೊಂದು ಬೆಂಚು. ಹಾಸ್ಟೆಲ್ ಹುಡುಗರು ಹಿಂದೆ. ಮರಾಠಿ ಶಾಲೆಯಿಂದ ಬಂದವರೆಲ್ಲ ಕಿಟಕಿ ಕಡೆ. ಯಾರೂ ಯಾರನ್ನೂ ದೂರ ಇಟ್ಟಿರಲಿಲ್ಲ. ಆದರೆ ಎರಡೇ ವಾರದಲ್ಲಿ ಎರಡು ಕಥೆ ಹುಟ್ಟಿಕೊಂಡವು. ‘ಕಿಟಕಿ ಕಡೆಯವರಿಗೆ ಸೊಕ್ಕು, ಮಾತೇ ಆಡಂಗಿಲ್ಲ’ ಅನ್ನೋದು ಒಂದು. ‘ಆ ಕಡೆಯವರು ನಮ್ಮ ಕನ್ನಡ ಕೇಳಿ ನಗ್ತಾರ’ ಅನ್ನೋದು ಇನ್ನೊಂದು.

ಎರಡೂ ಖರೆ ಇರಲಿಲ್ಲ. ಖರೆ ಕಾರಣ ಹೊತ್ತಿನದು. ಬೇರೆ ಬೇರೆ ದೇಶಗಳ ಹತ್ತು ಭಾಷೆಗಳಲ್ಲಿ ಜನ ಹೆಂಗ ಮಾತಾಡುತ್ತಾರೆ ಅಂತ ಸಂಶೋಧಕರು ಅಳತೆ ಮಾಡಿ 2009ರಲ್ಲಿ ಪ್ರಕಟಿಸಿದ್ದರು. ಒಬ್ಬರು ಪ್ರಶ್ನೆ ಕೇಳಿ ಮುಗಿಸಿ ಇನ್ನೊಬ್ಬರು ಉತ್ತರ ಶುರು ಮಾಡುವ ನಡುವೆ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಬಿಡುವು ಇರುತ್ತದಂತೆ. ಕಣ್ಣು ಮಿಟುಕಿಸುವಷ್ಟು ಹೊತ್ತು. ಕನ್ನಡವನ್ನು ಶಾಲೆಯಲ್ಲಿ ಒಂದು ವಿಷಯವಾಗಿ ಮಾತ್ರ ಕಲಿತ ಹುಡುಗಿಗೆ ಅಷ್ಟರಲ್ಲಿ ವಾಕ್ಯ ಕಟ್ಟಲು ಆಗುವುದಿಲ್ಲ. ಆಕೆ ಮನಸ್ಸಿನಲ್ಲಿ ಮಾತು ಜೋಡಿಸುವಷ್ಟರಲ್ಲಿ ಮಾತು ಮೂರು ಜನರನ್ನು ದಾಟಿ ಹೋಗಿರುತ್ತದೆ. ಚಾಷ್ಟಿ ಮುಗಿದ ಮೇಲೆ ನಗಬೇಕಾಗುತ್ತದೆ. ನಾಲ್ಕು ಸಲ ಹಿಂಗಾದ ಮೇಲೆ ಆಕೆ ಪ್ರಯತ್ನ ಬಿಡುತ್ತಾಳೆ. ಹೊರಗಿನಿಂದ ನೋಡಿದವರಿಗೆ ಅದು ಸೊಕ್ಕಿನಂತೆ ಕಾಣುತ್ತದೆ.

ನಮ್ಮ ನಿಪ್ಪಾಣಿ ಗೆಳತಿ ಎರಡನೇ ವಾರದಲ್ಲಿ ಮನೆಗೆ ಹೋಗಿ ‘ಟಿಸಿ ತಗೊಂಡು ಬರ್ತೇನಿ, ನನಗ ಇದು ಆಗೂದಿಲ್ಲ’ ಅಂತ ಅವ್ವನ ಮುಂದೆ ಹೇಳಿದ್ದಳು. ಪಾಠ ತಿಳಿಯಲಿಲ್ಲ ಅಂತ ಅಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ಒಬ್ಬರ ಕೂಡಾನೂ ಪೂರಾ ಒಂದು ಮಾತು ಆಡದೇ ಮನೆಗೆ ಬರುವುದು ಆಕೆಗೆ ಸಾಕಾಗಿತ್ತು. ಇದು ನಮಗೆ ಗೊತ್ತಾಗಿದ್ದು ಬಹಳ ತಡವಾಗಿ. ನಮ್ಮ ಕಡೆ ಹುಡುಗಿಯೊಬ್ಬಳು ಕಾಲೇಜು ಬಿಟ್ಟರೆ ಮನೆಯವರು ಮುಂದೆ ಏನು ನೋಡುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ.

ಆ ಗಂಟು ಸಡಿಲಾಗಿದ್ದು ಒಂದು ಶಬ್ದದಿಂದ. ಮೂರನೇ ವಾರ ಆಕೆ ಚಿಕ್ಕೋಡಿಯವಳನ್ನು ಕರೆಯಲು ‘ತಾಈ’ ಅಂದಳು. ಮರಾಠಿಯಲ್ಲಿ ‘ತಾಈ’ ಅಂದರೆ ಅಕ್ಕ. ಚಿಕ್ಕೋಡಿಯವಳು ಒಂದು ವರ್ಷ ದೊಡ್ಡವಳು, ಅದಕ್ಕೆ ಮರ್ಯಾದೆ ಕೊಟ್ಟು ಕರೆದಿದ್ದಳು. ಕನ್ನಡದ ಕಿವಿಗೆ ಅದು ‘ತಾಯಿ’ ಅಂತ ಕೇಳಿತು. ಹಿಂದಿನ ಬೆಂಚಿನಲ್ಲಿ ನಗೆ ಎದ್ದಿತು. ಚಿಕ್ಕೋಡಿಯವಳು ಮಾತ್ರ ನಗದೇ ತಿರುಗಿ, ‘ಏನಂದೆವ್ವಾ, ತಾಈ ಅಂದ್ರ ಏನ?’ ಅಂತ ಕೇಳಿದಳು. ಅರ್ಥ ತಿಳಿದ ಮೇಲೆ, ‘ನಮ್ಮಲ್ಲಿ ಹಂಗಂದ್ರ ಅವ್ವ. ಅಕ್ಕಾ ಅನ್ನು, ಅದೂ ನಿಮ್ಮಲ್ಲಿ ನಡೀತದಲಾ?’ ಅಂದಳು. ನಡೆಯುತ್ತದೆ. ‘ಅಕ್ಕಾ’ ಮರಾಠಿಗೆ ಕನ್ನಡದಿಂದಲೇ ಹೋದ ಶಬ್ದ.

ಆ ದಿನದಿಂದ ಇಬ್ಬರೂ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ದಿನಕ್ಕೆ ಎರಡು ಶಬ್ದ ಬರೆದುಕೊಳ್ಳಲು ಶುರು ಮಾಡಿದರು. ಒಂದನ್ನು ಈಕೆ ಕೊಡಬೇಕು, ಒಂದನ್ನು ಆಕೆ. ನಾವು ‘ಬಾಳ ಛಲೋ’ ಅಂದಾಗ ಮರಾಠಿ ಕಿವಿಗೆ ‘ಬಾಳ’ ಅಂದರೆ ಕೂಸು ಅಂತ ಕೇಳುತ್ತದೆ ಎನ್ನುವುದು ನಮಗೆ ಆ ಪುಟದಿಂದ ತಿಳಿಯಿತು. ಅವರ ‘ಕಾಯ’ ಅಂದರೆ ‘ಏನು’, ನಮ್ಮ ‘ಕಾಯಿ’ ಅಂದರೆ ತೆಂಗಿನಕಾಯಿ. ‘ಕಾಯ ಪಾಹಿಜೆ’ ಅಂತ ಕೇಳಿದರೆ ಕಾಯಿ ಬೇಕಾ ಅಂತ ಅಲ್ಲ, ಏನು ಬೇಕು ಅಂತ. ವಾರ ಕಳೆಯುವಷ್ಟರಲ್ಲಿ ಆ ಪುಟ ನೋಡಲು ನಾವು ಉಳಿದವರೂ ಆ ಬೆಂಚಿಗೆ ಹೋಗಿ ಕೂರತೊಡಗಿದ್ದೆವು.

ಇಲ್ಲಿ ಕೆಲಸ ಮಾಡಿದ್ದು ಶಬ್ದದ ಸಂಖ್ಯೆ ಅಲ್ಲ, ಕೊಡು-ಕೊಳ್ಳುವುದು ಸಮ ಇದ್ದದ್ದು. ‘ನಿನಗ ಕನ್ನಡ ಕಲಸ್ತೇನಿ ಬಾ’ ಅಂದಿದ್ದರೆ ಒಬ್ಬರು ಮೇಷ್ಟ್ರು, ಒಬ್ಬರು ವಿದ್ಯಾರ್ಥಿ ಆಗಿಬಿಡುತ್ತಿದ್ದರು. ದಿನಾ ಕಲಿಸಿಕೊಳ್ಳುವವರಿಗೆ ಋಣದ ಭಾರ ಬರುತ್ತದೆ, ಅವರು ಮೆಲ್ಲಗೆ ತಪ್ಪಿಸಿಕೊಳ್ಳುತ್ತಾರೆ. ಎರಡು ಶಬ್ದದ ಪುಟದಲ್ಲಿ ಇಬ್ಬರೂ ದಿನಕ್ಕೊಮ್ಮೆ ಮೇಷ್ಟ್ರಾದರು.

ಊಟದ ಡಬ್ಬಿಯ ಬಗ್ಗೆ ಎಲ್ಲರೂ ಹೇಳುವುದು ಒಂದೇ, ಹಂಚಿಕೊಂಡು ತಿಂದರೆ ದೋಸ್ತಿ ಬೆಳೀತದ ಅಂತ. ನಮ್ಮಲ್ಲೂ ಬೆಳೆಯಿತು. ಅವರ ಭಾಕರಿ ನಮ್ಮ ರೊಟ್ಟಿಯೇ, ಅವರ ಠೇಚಾ ನಮ್ಮ ಖಾರಬ್ಯಾಳಿಯ ಅಣ್ಣತಮ್ಮ. ಆದರೆ ನಮ್ಮ ತಾಲ್ಲೂಕುಗಳಲ್ಲಿ ಒಂದು ಸೂಕ್ಷ್ಮ ಇದೆ. ಕಾಲೇಜು ಶುರುವಾದ ಕೆಲ ದಿನಕ್ಕೆ ಚಾತುರ್ಮಾಸ ಬರುತ್ತದೆ, ಹಿಂದೆಯೇ ಶ್ರಾವಣ. ನಮ್ಮ ರಾಯಬಾಗದವನು ಜೈನರ ಮನೆಯವನು. ಗಡ್ಡೆ ತರಕಾರಿ ತಿನ್ನುವುದಿಲ್ಲ, ಉಳ್ಳಾಗಡ್ಡಿ ಮುಟ್ಟುವುದಿಲ್ಲ, ಆ ನಾಲ್ಕು ತಿಂಗಳು ನೇಮ ಇನ್ನೂ ಬಿಗಿ. ಹಾಸ್ಟೆಲ್ ಹುಡುಗರು ಪ್ರೀತಿಯಿಂದಲೇ ‘ತಿನ್ನಲೇ, ಏನಾಗಂಗಿಲ್ಲ’ ಅಂತ ಒತ್ತಾಯ ಮಾಡಿದ್ದಕ್ಕೆ ಅವ ಒಂದು ವಾರ ಊಟದ ಹೊತ್ತಿಗೆ ಲೈಬ್ರರಿಗೆ ಹೋಗಿ ಕೂತ. ಕಾಗವಾಡದವನ ಊರಲ್ಲಿ ಜೈನರ ಮನೆಗಳು ಬಹಳ. ಅವನಿಗೆ ಸಂಗತಿ ತಿಳಿಯಿತು. ಮರುದಿನ ಹುರಿದ ಶೇಂಗಾ ಮತ್ತು ಬೆಲ್ಲ ತಂದು ನಡುವೆ ಇಟ್ಟ. ಎಲ್ಲರೂ ತಿನ್ನಬಹುದಾದದ್ದು ಅದೊಂದೇ. ಡಬ್ಬಿ ಬಿಚ್ಚುವ ಮೊದಲು ‘ನೀವು ಏನು ತಿನ್ನಂಗಿಲ್ಲ?’ ಅಂತ ಕೇಳುವುದು ಒತ್ತಾಯ ಮಾಡುವುದಕ್ಕಿಂತ ಹತ್ತಿರ ತರುತ್ತದೆ.

ನಾಲ್ಕನೇ ವಾರ ಪ್ರಾಯೋಗಿಕ ಪತ್ರಿಕೆಯ ಕೆಲಸ ಬಂತು. ನಾಲ್ಕು ಪುಟದ ಪತ್ರಿಕೆ, ವಿದ್ಯಾರ್ಥಿಗಳೇ ವರದಿ ಮಾಡಿ ಅಚ್ಚಿಗೆ ಕೊಡಬೇಕು. ನಮ್ಮ ಮೇಷ್ಟ್ರು ಗುಂಪು ಆರಿಸಿಕೊಳ್ಳಲು ಬಿಡದೇ ಚೀಟಿ ಎತ್ತಿಸಿದರು. ಐದು ಡಬ್ಬಿಯಲ್ಲಿ ಐದು ತಾಲ್ಲೂಕಿನ ಚೀಟಿ ಹಾಕಿ, ಒಂದೊಂದರಿಂದ ಒಬ್ಬೊಬ್ಬರು. ಹಿಂಗೆ ನಾವು ಐದು ಜನ ಸೇರಿದೆವು. ನಮಗೆ ಬಂದ ವಿಷಯ ನಿಪ್ಪಾಣಿಯ ಮನೆಮನೆಯ ಬೀಡಿ ಕೆಲಸ.

ಬೇರೆ ಗುಂಪುಗಳಲ್ಲಿ ಮರಾಠಿ ಶಾಲೆಯವರಿಗೆ ‘ನೀ ಫೋಟೋ ತೆಗಿ, ಸಾಕು’ ಅಂತ ಹಗುರ ಕೆಲಸ ಕೊಟ್ಟದ್ದನ್ನು ನೋಡಿದೆವು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಆ ಕೆಲಸ ಮಾಡದಿದ್ದರೂ ವರದಿ ನಿಲ್ಲುವುದಿಲ್ಲ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಕೆಲಸ ಸಿಕ್ಕವರಿಗೂ. ನಮ್ಮ ವಿಷಯದಲ್ಲಿ ಹಂಗೆ ಮಾಡಲು ದಾರಿಯೇ ಇರಲಿಲ್ಲ. ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೂಡ ಮರಾಠಿಯಲ್ಲಿ ಮಾತಾಡಬೇಕು, ವರದಿ ಕನ್ನಡದಲ್ಲಿ ಬರಬೇಕು. ನಿಪ್ಪಾಣಿಯವಳು ಪ್ರಶ್ನೆ ಕೇಳುವುದು, ಕಾಗವಾಡದವ ಅಲ್ಲೇ ಕನ್ನಡಕ್ಕೆ ತಿರುಗಿಸಿ ಹೇಳುವುದು, ಅಥಣಿಯವ ಲೆಕ್ಕ ಬರೆದುಕೊಳ್ಳುವುದು, ಚಿಕ್ಕೋಡಿಯವಳು ವರದಿ ಬರೆಯುವುದು, ರಾಯಬಾಗದವ ‘ನುಡಿ’ಯಲ್ಲಿ ಟೈಪ್ ಮಾಡಿ ಪುಟ ಕಟ್ಟುವುದು ಅಂತ ಹಂಚಿಕೊಂಡೆವು. ಐವರಲ್ಲಿ ಒಬ್ಬರು ಬರದಿದ್ದರೂ ಪುಟ ಖಾಲಿ.

ಯಾರ ಮನೆಗೆ ಹೋಗುವುದು ಅಂತ ಮಾತು ಬಂದಾಗ ನಿಪ್ಪಾಣಿಯವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಆಈ ಬೀಡಿ ಕಟ್ತಾಳ. ನಮ್ಮ ಮನೀಗೆ ಬರ್ರಿ’ ಅಂದಳು. ಅಲ್ಲಿಯ ತನಕ ಆಕೆ ಅವ್ವನ ಕೆಲಸದ ಬಗ್ಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಅವ್ವ ನೆನೆಸಿದ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸುವುದನ್ನು, ಚಿಟಿಕೆ ತಂಬಾಕು ಹಾಕಿ ಸುರುಳಿ ಸುತ್ತುವುದನ್ನು, ತುದಿ ಮಡಚಿ ದಾರ ಬಿಗಿಯುವುದನ್ನು ತೋರಿಸಿದಳು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ಕೂಲಿ ಸಾವಿರದ ಲೆಕ್ಕ. ಮಾತಿನ ನಡುವೆ ಆಕೆ ‘ಛಾಟ’ ಅನ್ನುವ ಶಬ್ದ ಮೂರು ನಾಲ್ಕು ಸಲ ಬಳಸಿದಳು. ಅಥಣಿಯವ ಅದನ್ನು ‘ಚಾಟಿ’ ಅಂತ ಬರೆದುಕೊಂಡ. ಕಾಗವಾಡದವನಿಗೆ ಮರಾಠಿ ಬಂದರೂ ಈ ಶಬ್ದ ತಿಳಿಯಲಿಲ್ಲ, ಅವನ ಊರಲ್ಲಿ ಬೀಡಿ ಕೆಲಸ ಇಲ್ಲ. ಆಗ ನಿಪ್ಪಾಣಿಯವಳು ತನ್ನ ಕನ್ನಡದಲ್ಲೇ ನಿಧಾನಕ್ಕೆ ಬಿಡಿಸಿ ಹೇಳಿದಳು. ಕಟ್ಟಿದ ಬೀಡಿಯನ್ನು ಒಯ್ದು ಕೊಡುವಾಗ ಅಲ್ಲಿ ಪರೀಕ್ಷೆ ಮಾಡಿ, ಸರಿ ಇಲ್ಲ ಅಂದದ್ದನ್ನು ತೆಗೆದುಹಾಕುತ್ತಾರೆ. ಅದು ಛಾಟ. ಎಲೆ ಹೋಯಿತು, ತಂಬಾಕು ಹೋಯಿತು, ದುಡಿದ ಹೊತ್ತು ಹೋಯಿತು, ಆ ಬೀಡಿ ಮಾತ್ರ ಕೂಲಿಯ ಲೆಕ್ಕಕ್ಕೆ ಬರುವುದಿಲ್ಲ. ಹಂಗಾಗಿ ಸಾವಿರಕ್ಕೆ ಇಷ್ಟು ಅಂತ ಕೂಲಿ ಕೇಳಿ ಬರೆದುಕೊಂಡರೆ ಲೆಕ್ಕ ಪೂರಾ ಆಗುವುದಿಲ್ಲ, ಸಾವಿರ ಕೊಡಲು ಎಷ್ಟು ಕಟ್ಟಬೇಕಾಯಿತು ಅಂತ ಕೇಳಬೇಕು.

ನಮ್ಮ ವರದಿಯ ತಲೆಬರಹ, ಮೊದಲ ವಾಕ್ಯ, ಎಲ್ಲವೂ ಆ ಒಂದು ಶಬ್ದದಿಂದ ಬಂತು. ಆಕೆ ಅಂದು ಆಡಿದ ಕನ್ನಡದಲ್ಲಿ ವ್ಯಾಕರಣ ಅಲ್ಲಲ್ಲಿ ಮುರಿದಿತ್ತು. ಆದರೆ ನಾಲ್ವರೂ ಪೆನ್ನು ಹಿಡಿದು ಆಕೆಯ ಬಾಯಿ ನೋಡುತ್ತಿದ್ದೆವು, ಎಷ್ಟು ಹೊತ್ತು ತಗೊಂಡರೂ ಕಾಯುತ್ತಿದ್ದೆವು. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಆ ಬಿಡುವು ಬೇಕಾದಷ್ಟು ಉದ್ದವಾಗಿದ್ದು ಹಿಂಗೆ. ಆಕೆಗೆ ಗೊತ್ತಿದ್ದದ್ದು ನಮಗೆ ಬೇಕಾಗಿತ್ತು.

ಇದೇ ತತ್ವದ ಮೇಲೆ ದೂರದ ಅಮೆರಿಕದಲ್ಲಿ ಒಂದು ಪ್ರಯೋಗ ನಡೆದಿತ್ತು ಅಂತ ಮೇಷ್ಟ್ರು ಆಮೇಲೆ ಹೇಳಿದರು. 1971ರಲ್ಲಿ ಟೆಕ್ಸಾಸ್ ರಾಜ್ಯದ ಆಸ್ಟಿನ್ ಊರಿನ ಶಾಲೆಗಳಲ್ಲಿ ಬಿಳಿಯರ, ಕರಿಯರ ಮತ್ತು ಮೆಕ್ಸಿಕೋ ಮೂಲದವರ ಮಕ್ಕಳನ್ನು ಹೊಸದಾಗಿ ಕೂಡಿ ಕೂರಿಸಿದ್ದರು. ಜಗಳ ಹೆಚ್ಚಾದಾಗ ಎಲಿಯಟ್ ಆರನ್‌ಸನ್ ಎಂಬ ಮನಃಶಾಸ್ತ್ರಜ್ಞರನ್ನು ಕರೆಸಿದರು. ಅವರು ಮಕ್ಕಳನ್ನು ಐದಾರು ಜನರ ಗುಂಪು ಮಾಡಿ, ಒಂದು ಪಾಠವನ್ನು ಅಷ್ಟೇ ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪರೀಕ್ಷೆ ಪೂರ್ತಿ ಪಾಠದ ಮೇಲೆ, ಅದೂ ಒಬ್ಬೊಬ್ಬರಿಗೆ ಬೇರೆ ಬೇರೆ. ಹಂಗಾಗಿ ಉಳಿದ ತುಂಡುಗಳನ್ನು ಗೆಳೆಯರ ಬಾಯಿಂದಲೇ ಕೇಳಿ ಕಲಿಯಬೇಕು.

ಒಂದು ಗುಂಪಿನಲ್ಲಿದ್ದ ಹುಡುಗನನ್ನು ಆರನ್‌ಸನ್ ಕಾರ್ಲೋಸ್ ಎಂಬ ಹೆಸರಿನಿಂದ ಬರೆದಿದ್ದಾರೆ. ಅವನ ಮನೆಮಾತು ಸ್ಪ್ಯಾನಿಷ್, ಇಂಗ್ಲಿಷ್ ತಡವರಿಸುತ್ತಿತ್ತು. ಅವನ ಪಾಲಿಗೆ ಬಂದದ್ದು ಪತ್ರಿಕೆಯ ಮಾಲೀಕ ಜೋಸೆಫ್ ಪುಲಿಟ್ಜರ್‌ನ ಬದುಕಿನ ಒಂದು ಭಾಗ. ಮೊದಲು ಉಳಿದವರು ಅವನನ್ನು ಆಡಿಕೊಂಡರು. ‘ನೀವು ಹಂಗ ಅನ್ನಬಹುದು, ಆದರೆ ಅದರಿಂದ ಪುಲಿಟ್ಜರ್ ಬಗ್ಗೆ ಏನೂ ತಿಳಿಯುವುದಿಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಪರೀಕ್ಷೆ’ ಎಂಬರ್ಥದ ಮಾತು ಹೇಳಿ ಮೇಲ್ವಿಚಾರಕರು ಸುಮ್ಮನಾದರು. ಕೆಲ ದಿನ ಹಿಂಗೆ ನಡೆದ ಮೇಲೆ ಮಕ್ಕಳು ಆಡಿಕೊಳ್ಳುವುದನ್ನು ಬಿಟ್ಟು, ಅವನಿಂದ ಮಾತು ಹೊರಡಿಸುವಂಥ ಪ್ರಶ್ನೆ ಕೇಳಲು ಕಲಿತರು. ಪ್ರಶ್ನೆ ಚಲೋ ಆದಂತೆ ಅವನ ಮಾತೂ ಚಲೋ ಆಯಿತು.

ಈ ಪದ್ಧತಿಗೂ ಮಿತಿ ಇದೆ. ಒಂದೇ ಸಲ ಮಾಡಿದರೆ ಉಪಯೋಗವಿಲ್ಲ, ವಾರಗಟ್ಟಲೆ ನಡೆಯಬೇಕು. ಗುಂಪು ಹತ್ತು ಜನರದಾದರೆ ಇಬ್ಬರು ಕೆಲಸ ಮಾಡುತ್ತಾರೆ, ಎಂಟು ಜನ ಹೆಸರು ಹಾಕಿಸುತ್ತಾರೆ. ಮತ್ತೆ, ಯಾವ ಹೊತ್ತಿನಲ್ಲಿ ಸೇರುತ್ತೀರಿ ಅನ್ನೋದೂ ಮುಖ್ಯ. ಹಾಸ್ಟೆಲ್ ಹುಡುಗರ ದೋಸ್ತಿ ಸಂಜೆ ಚಹಾದ ಅಂಗಡಿಯಲ್ಲಿ ಬೆಳೆಯುತ್ತದೆ. ಊರಿನಿಂದ ಬಂದು ಹೋಗುವ ಹುಡುಗಿಯರಿಗೆ ಆ ಹೊತ್ತಿಗೆ ಬಸ್. ಆ ಬಸ್ ತಪ್ಪಿದರೆ ಮನೆಯಲ್ಲಿ ಮರುದಿನದ ಕಾಲೇಜೇ ತಪ್ಪುತ್ತದೆ. ಸಂಜೆ ಮಾತಾಡಿ ಮುಗಿಸಿದ್ದನ್ನು ಬೆಳಿಗ್ಗೆ ಅವರಿಗೆ ‘ಹಿಂಗ ಅಂತ ಆಗೇದ’ ಅಂತ ಹೇಳಿದರೆ ಅವರು ಮತ್ತೆ ‘ಆಮ್ಹಿ’ಯ ಆಚೆಗೇ ಉಳಿಯುತ್ತಾರೆ. ಅದಕ್ಕೆ ನಾವು ಗುಂಪಿನ ಮಾತನ್ನೆಲ್ಲ ಊಟದ ಹೊತ್ತಿಗೆ ಇಟ್ಟುಕೊಂಡೆವು. ಉಳಿದದ್ದು ವಾಟ್ಸಾಪಿನಲ್ಲಿ, ಅದೂ ಟೈಪ್ ಮಾಡದೇ ಧ್ವನಿ ಕಳಿಸುವುದು. ನಮ್ಮ ಕಡೆ ಎಷ್ಟೋ ಜನರಿಗೆ ಇನ್ನೊಂದು ಭಾಷೆ ಓದಲು ಬರದಿದ್ದರೂ ಕೇಳಿದರೆ ತಿಳಿಯುತ್ತದೆ. ಅವರು ಮರಾಠಿಯಲ್ಲಿ ಹೇಳಿದರು, ನಾವು ಕನ್ನಡದಲ್ಲಿ ಉತ್ತರ ಕೊಟ್ಟೆವು, ಕೆಲಸ ಸಾಗಿತು.

ಕೂಡುವುದು ಬೇಡ ಅಂದವರೂ ಕ್ಲಾಸಿನಲ್ಲಿದ್ದರು. ಇಬ್ಬರು ಮೂರು ವರ್ಷವೂ ತಮ್ಮ ಬಸ್ಸಿನವರ ಕೂಡಾನೇ ಇದ್ದರು, ಅವರಿಗೆ ಅದರಿಂದ ನಷ್ಟವಾದಂತೆ ಕಾಣಲಿಲ್ಲ. ಎಲ್ಲರೂ ಎಲ್ಲರಿಗೂ ದೋಸ್ತರಾಗಬೇಕಿಲ್ಲ. ದಿನವೆಲ್ಲ ಒಬ್ಬರ ಕೂಡಾನೂ ಮಾತಿಲ್ಲದೇ ಮನೆಗೆ ಹೋಗುವವರು ಇದ್ದಾರಾ ಅಂತ ಮಾತ್ರ ನೋಡಬೇಕು.

ಹಾಜರಿಯಲ್ಲಿ ನಾಲ್ಕು ಜನ ಪಾಟೀಲರಿದ್ದ ನಮ್ಮ ಕ್ಲಾಸಿನಲ್ಲಿ ನಾವು ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆದುಕೊಂಡು ಬಂದೆವು. ಹುಡುಗ ಹುಡುಗಿಯರ ನಡುವೆ ‘ರೀ’ ಹೋಗಿ ‘ನೀ’ ಬರಲು ಎರಡು ತಿಂಗಳೇ ಬೇಕಾಯಿತು. ಅದಕ್ಕೆ ಅವಸರ ಮಾಡಬಾರದು. ಮರ್ಯಾದೆಯ ‘ರೀ’ ಇಟ್ಟುಕೊಂಡೂ ಹತ್ತಿರದವರಾಗಬಹುದು. ಖರೆ ಗುರುತು ಬೇರೆಯೇ ಇತ್ತು. ಆರನೇ ವಾರ, ಪುಟ ಅಚ್ಚಿಗೆ ಹೋಗುವ ಹಿಂದಿನ ದಿನ, ನಿಪ್ಪಾಣಿಯವಳ ಧ್ವನಿ ಮೆಸೇಜು ಬಂತು: ‘ಉದ್ಯಾ ಆಪಣ ಕಿತೀ ವಾಜತಾ ಬಸಾಯಚಂ?’ ನಾಳೆ ನಾವೆಲ್ಲ ಎಷ್ಟು ಗಂಟೆಗೆ ಕೂಡೋಣು ಅಂತ. ಟಿಸಿಯ ಮಾತು ಆಮೇಲೆ ಬರಲಿಲ್ಲ.

ಈ ವರ್ಷ ಕಾಲೇಜಿಗೆ ಹೋಗುವ ತಮ್ಮ ತಂಗಿಯರು ಮೊದಲ ವಾರ ಹೊಸ ಬೆಂಚಿನವರಿಂದ ಒಂದು ಶಬ್ದ ಕೇಳಿ ಬರೆದುಕೊಳ್ಳಲಿ, ತಮ್ಮದೊಂದು ಕೊಡಲಿ. ಎಲ್ಲರೂ ತಿನ್ನಬಹುದಾದ ಏನಾದರೂ ಡಬ್ಬಿಯಲ್ಲಿ ಇರಲಿ. ಗುಂಪಿನ ಕೆಲಸ ಬಂದಾಗ, ಸುಮ್ಮನೆ ಕೂತವರಿಗೆ ಏನು ಗೊತ್ತಿದೆ ಅಂತ ಮೊದಲು ಕೇಳಲಿ, ಆಮೇಲೆ ಕೆಲಸ ಹಂಚಲಿ.